ಎಲೆಯ ಬಾಯಿ ತೆರೆಯೋದು, ಮುಚ್ಚೋದು ಹೇಗೆ?



ಹಿತ್ತಲಲ್ಲಿ ಕುಂಬಳದ ಬಳ್ಳಿ ಇರೋರೆಲ್ಲ ಇದನ್ನು ನೋಡಿರ್ತೀರಿ. ಬೆಳಿಗ್ಗೆ ಎಲೆಗಳು ಛತ್ರಿ ಬಿಚ್ಚಿದ ಹಾಗೆ ಅಗಲವಾಗಿ ನಿಂತಿರುತ್ತವೆ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದರೆ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತವೆ. ಪಾತಿಯಲ್ಲಿ ತೇವ ಇದ್ದರೂ ಹೀಗೇ. ಸಂಜೆಯ ಹೊತ್ತಿಗೆ, ಯಾರೂ ಒಂದು ಚೊಂಬು ನೀರು ಹಾಕದೆ ಇದ್ದರೂ, ಅವೇ ಎಲೆಗಳು ಮತ್ತೆ ಎದ್ದು ನಿಲ್ಲುತ್ತವೆ. ಹಾಗಾದರೆ ಮಧ್ಯಾಹ್ನ ಆ ಬಳ್ಳಿಗೆ ನೀರು ಬೇಕಿತ್ತೋ, ಬೇಡವಾಗಿತ್ತೋ? ಈ ಪ್ರಶ್ನೆಗೆ ಉತ್ತರ ಎಲೆಯ ಅಡಿಭಾಗದಲ್ಲಿದೆ. ಅಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಇವೇ ನಮ್ಮ ಪಾಠದಲ್ಲಿ ಬರುವ ಪತ್ರರಂಧ್ರಗಳು.

ಪತ್ರರಂಧ್ರ ಅಂದ ಕೂಡಲೇ ನಾವು "ಅನಿಲ ವಿನಿಮಯ ಮತ್ತು ಬಾಷ್ಪವಿಸರ್ಜನೆ" ಅಂತ ಬರೆದು ಎರಡು ಅಂಕ ತಗೊಂಡು ಮುಂದೆ ಹೋಗ್ತೀವಿ. ಆದರೆ ಆ ಎರಡು ಪದಗಳ ನಡುವೆ ಒಂದು ಜಗಳ ಇದೆ. ಗಿಡ ಆಹಾರ ಮಾಡಿಕೊಳ್ಳೋದಕ್ಕೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಒಳಗೆ ಬರಬೇಕು. ಅದಕ್ಕೆ ತೂತು ತೆರೆದಿರಬೇಕು. ತೂತು ತೆರೆದರೆ ಎಲೆಯೊಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತೆ. ಒಳಗೆ ಬರೋದಕ್ಕೂ ಹೊರಗೆ ಹೋಗೋದಕ್ಕೂ ಇರೋದು ಅದೊಂದೇ ಬಾಗಿಲು. ವ್ಯಾಪಾರವೂ ಸಮನಾದದ್ದಲ್ಲ. ಕಡಲೆಕಾಯಿ, ಅವರೆ, ಭತ್ತ, ಕುಂಬಳ ಇಂಥ ಗಿಡಗಳು ಕಾರ್ಬನ್ ಡೈಆಕ್ಸೈಡಿನ ಒಂದು ಅಣುವನ್ನು ಆಹಾರವಾಗಿ ಮಾಡಿಕೊಳ್ಳುವಷ್ಟರಲ್ಲಿ ಸುಮಾರು 400 ನೀರಿನ ಅಣುಗಳನ್ನು ಕಳೆದುಕೊಳ್ಳುತ್ತವೆ. ರಾಗಿ, ಜೋಳ, ಕಬ್ಬು ಈ ಲೆಕ್ಕದಲ್ಲಿ ಜಾಣ ಗಿಡಗಳು, ಅವುಗಳ ಖರ್ಚು ಇದರ ಅರ್ಧಕ್ಕಿಂತಲೂ ಕಡಿಮೆ.

ಹೀಗಾಗಿ ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನೋದು ಗಿಡಕ್ಕೆ ಹೊಟ್ಟೆ ಮತ್ತು ಬಾಯಾರಿಕೆಯ ಪ್ರಶ್ನೆ. ಮುಚ್ಚಿದರೆ ಉಪವಾಸ, ತೆರೆದರೆ ಒಣಗೋ ಭಯ. ಮೆದುಳಿಲ್ಲದ ಗಿಡ ಇದನ್ನು ಹೇಗೆ ತೀರ್ಮಾನ ಮಾಡುತ್ತೆ ಅನ್ನೋದೇ ಈ ಲೇಖನ.

ಮೊದಲು ಕಣ್ಣಾರೆ ನೋಡೋಣ

ಹೊಲದ ಬದುವಿನಲ್ಲಿ, ತೇವ ಇರೋ ಕಡೆ ನೀಲಿ ಹೂ ಬಿಡುವ ಕನ್ನೆಸೊಪ್ಪು ಬೆಳೆದಿರುತ್ತೆ. ಕೆಲವರು ಅದನ್ನು ಹಿತ್ತಗಣಿ ಅಂತಲೂ ಕರೆಯುತ್ತಾರೆ. ಕಳೆ ಅಂತ ಕಿತ್ತು ಬಿಸಾಡ್ತೀವಲ್ಲ, ಅದೇ. ವಿಜ್ಞಾನಿಗಳು ಇದರ ಕುಲಕ್ಕೆ ಕಾಮೆಲೈನಾ ಅಂತಾರೆ. ಪತ್ರರಂಧ್ರದ ಬಗ್ಗೆ ಇವತ್ತು ಗೊತ್ತಿರೋ ಎಷ್ಟೋ ಸಂಗತಿಗಳನ್ನು ಈ ಕುಲದ ಗಿಡಗಳಿಂದಲೇ ಕಂಡುಹಿಡಿದಿದ್ದಾರೆ. ಕಾರಣ ಇಷ್ಟೇ: ಇದರ ಎಲೆಯ ಅಡಿ ಸಿಪ್ಪೆ ಈರುಳ್ಳಿ ಪೊರೆಯ ಹಾಗೆ ಸುಲಭವಾಗಿ ಸುಲಿದು ಬರುತ್ತೆ, ಮತ್ತು ತೂತುಗಳು ದೊಡ್ಡವು.

ಎಲೆಯನ್ನು ಓರೆಯಾಗಿ ಮುರಿದು ಎಳೆದರೆ ತೆಳುವಾದ ಸಿಪ್ಪೆ ಬರುತ್ತೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಬಣ್ಣವಿಲ್ಲದ ದೊಡ್ಡ ಕೋಶಗಳ ನಡುವೆ ಅಲ್ಲಲ್ಲಿ ಎರಡು ಹಸಿರು ಹುರುಳಿಕಾಳನ್ನು ಎದುರುಬದುರು ಇಟ್ಟ ಹಾಗೆ ಕಾಣುತ್ತೆ. ಆ ಎರಡು ಕಾಳುಗಳೇ ಕಾವಲು ಕೋಶಗಳು. ಅವುಗಳ ನಡುವಿನ ಸೀಳೇ ಪತ್ರರಂಧ್ರ.

ಈಗ ಗಾಜಿನ ಒಂದು ಅಂಚಿನಲ್ಲಿ ಗಟ್ಟಿಯಾದ ಸಕ್ಕರೆ ನೀರನ್ನು ಬಿಟ್ಟು ಇನ್ನೊಂದು ಅಂಚಿನಿಂದ ಶೋಧಕ ಕಾಗದದಲ್ಲಿ ಹೀರಿ. ಕೆಲವು ನಿಮಿಷದಲ್ಲಿ ಕಾವಲು ಕೋಶಗಳು ಸೊರಗಿ, ಸೀಳು ಮುಚ್ಚಿಕೊಳ್ಳುತ್ತೆ. ಸಕ್ಕರೆ ನೀರು ಕೋಶದೊಳಗಿನ ನೀರನ್ನು ಹೊರಗೆ ಎಳೆಯಿತು. ಉಪ್ಪಿನಕಾಯಿಗೆ ಉಪ್ಪು ಹಾಕಿದಾಗ ಮಾವಿನಕಾಯಿ ನೀರು ಬಿಡೋದೂ ಇದೇ ರೀತಿ. ಕೋಶ ತುಂಬಿಕೊಂಡಿದ್ದರೆ ಬಾಯಿ ತೆರೆದಿರುತ್ತೆ, ಸೊರಗಿದರೆ ಮುಚ್ಚುತ್ತೆ ಅನ್ನೋದನ್ನು ಜರ್ಮನಿಯ ಹ್ಯೂಗೋ ಫಾನ್ ಮೋಲ್ 1856ರಲ್ಲೇ ಹೇಳಿದ್ದ.

ಇಲ್ಲಿ ಒಂದು ಅನುಮಾನ ಬರಬೇಕು. ಕೋಶ ಉಬ್ಬಿದರೆ ನಡುವಿನ ಸೀಳು ಇನ್ನೂ ಚಿಕ್ಕದಾಗಬೇಕಲ್ಲ, ದೊಡ್ಡದಾಗೋದು ಹೇಗೆ? ಜಾತ್ರೆಯಲ್ಲಿ ಸಿಗುವ ಉದ್ದನೆಯ ಬಲೂನು ಎರಡು ತಂದು, ಸ್ವಲ್ಪ ಊದಿ, ತುದಿಗಳನ್ನು ಒಂದಕ್ಕೊಂದು ಕಟ್ಟಿ. ಪ್ರತಿ ಬಲೂನಿಗೂ ಅಡ್ಡಕ್ಕೆ, ಬಳೆ ತೊಡಿಸಿದ ಹಾಗೆ, ಅಲ್ಲಲ್ಲಿ ಅಂಟುಪಟ್ಟಿ ಸುತ್ತಿ. ಎರಡೂ ಬಲೂನು ಎದುರುಬದುರಾಗುವ ಒಳಮೈಗೆ ಉದ್ದಕ್ಕೆ ಇನ್ನೊಂದು ಪಟ್ಟಿ ಅಂಟಿಸಿ. ಈಗ ಇನ್ನಷ್ಟು ಊದಿದರೆ ಅವು ಅಡ್ಡಕ್ಕೆ ದಪ್ಪ ಆಗಲಾರವು. ಹೊರಮೈ ಮಾತ್ರ ಉದ್ದವಾಗಿ, ಎರಡೂ ಬಾಳೆಹಣ್ಣಿನ ಹಾಗೆ ಬಾಗುತ್ತವೆ, ನಡುವೆ ಸಂದು ಬಿಡುತ್ತೆ. ಕಾವಲು ಕೋಶದ ಗೋಡೆಯಲ್ಲೂ ಸೆಲ್ಯುಲೋಸ್ ಎಳೆಗಳು ಹೀಗೆ ಬಳೆಗಳ ಹಾಗೆ ಅಡ್ಡಕ್ಕೆ ಸುತ್ತಿಕೊಂಡಿವೆ, ಒಳಗೋಡೆ ದಪ್ಪಗಿದೆ. ಪೂರ್ತಿ ತೆರೆದಾಗ ಆ ಪುಟ್ಟ ಕೋಶದೊಳಗಿನ ಒತ್ತಡ ಲಾರಿ ಟೈರಿನ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತೆ ಅಂದರೆ ನಂಬೋದು ಕಷ್ಟ, ಆದರೆ ಅಳೆದು ನೋಡಿದ ಸಂಗತಿ ಇದು.

ಕೀಲಿಕೈ ನಮ್ಮ ಗೊಬ್ಬರದ ಚೀಲದಲ್ಲಿದೆ

ನೀರು ತಾನಾಗಿ ಕಾವಲು ಕೋಶದೊಳಗೆ ನುಗ್ಗೋದಿಲ್ಲ. ಅಲ್ಲಿ ನೀರನ್ನು ಎಳೆಯುವ ಪದಾರ್ಥ ಜಾಸ್ತಿ ಆಗಬೇಕು. ಅದು ಯಾವುದು? ಕಾವಲು ಕೋಶದಲ್ಲಿರೋ ಪಿಷ್ಟ ಸಕ್ಕರೆಯಾಗಿ ಬದಲಾಗಿ ನೀರನ್ನು ಎಳೆಯುತ್ತೆ ಅಂತ ಹಳೇ ಪುಸ್ತಕಗಳಲ್ಲಿ ಬರೆದಿದ್ದರು. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಮುಖ್ಯ ಕೆಲಸಗಾರ ಬೇರೆ. ಜಪಾನಿನ ಇಮಾಮುರಾ 1943ರಲ್ಲೇ ಪೊಟ್ಯಾಸಿಯಂ ಕಡೆ ಬೆರಳು ತೋರಿಸಿದ್ದರೂ ಆಗ ಹೆಚ್ಚು ಜನ ಕಿವಿಗೊಡಲಿಲ್ಲ. 1960ರ ದಶಕದ ಕೊನೆಯಲ್ಲಿ ಬೇರೆ ಬೇರೆ ಪ್ರಯೋಗಗಳಿಂದ ಅದು ಗಟ್ಟಿಯಾಯಿತು. ಬಾಯಿ ಮುಚ್ಚಿದ್ದಾಗ ಕಾವಲು ಕೋಶದಲ್ಲಿ ಇರೋದಕ್ಕಿಂತ ತೆರೆದಾಗ ಪೊಟ್ಯಾಸಿಯಂ ನಾಲ್ಕರಿಂದ ಎಂಟು ಪಟ್ಟು ಹೆಚ್ಚಾಗುತ್ತೆ. ಪಕ್ಕದ ಕೋಶಗಳಿಂದ ಅದು ಒಳಗೆ ಬರುತ್ತೆ, ಅದರ ಹಿಂದೆಯೇ ನೀರು ಬರುತ್ತೆ. ಪೊಟ್ಯಾಸಿಯಂ ಹೊರಗೆ ಹೋದರೆ ನೀರೂ ಹಿಂದೆಯೇ ಹೊರಡುತ್ತೆ.

ಇದು ನಮ್ಮ ತಂದೆಯವರು ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದ ಪೊಟ್ಯಾಸಿಯಂ. ಅಂಗಡಿಯಲ್ಲಿ ಎಂ.ಓ.ಪಿ. ಅಂತ ಕೇಳ್ತಾರಲ್ಲ, ಅದು ಪೊಟ್ಯಾಸಿಯಂ ಕ್ಲೋರೈಡ್. ಪ್ರಯೋಗಾಲಯದ ಶುದ್ಧ ಪೊಟ್ಯಾಸಿಯಂ ಕ್ಲೋರೈಡನ್ನು ಒಂದು ಲೀಟರ್ ನೀರಿಗೆ ಸುಮಾರು 4 ಗ್ರಾಂನಂತೆ ಕರಗಿಸಿ, ಅದರಲ್ಲಿ ಕನ್ನೆಸೊಪ್ಪಿನ ಸಿಪ್ಪೆಗಳನ್ನು ತೇಲಿಬಿಟ್ಟು, ಒಂದು ತಟ್ಟೆಯನ್ನು ಬೆಳಕಿನಲ್ಲಿ, ಇನ್ನೊಂದನ್ನು ಕತ್ತಲೆಯಲ್ಲಿ ಎರಡು ಮೂರು ಗಂಟೆ ಇಡಿ. ಬಿಸಿಲು ನೇರವಾಗಿ ಬಿದ್ದು ನೀರು ಕಾಯದ ಹಾಗೆ ನೋಡಿಕೊಳ್ಳಿ. ಬೆಳಕಿನ ತಟ್ಟೆಯಲ್ಲಿ ಬಾಯಿಗಳು ಅಗಲವಾಗಿರುತ್ತವೆ. ಸಕ್ಕರೆ ನೀರಿನ ಆಟದಲ್ಲಿ ನಾವು ಹೊರಗಿನಿಂದ ಬಲವಂತ ಮಾಡಿದ್ವಿ. ಇಲ್ಲಿ ಕಾವಲು ಕೋಶ ತಾನೇ ತೀರ್ಮಾನ ಮಾಡಿ ತೆರೆದಿದೆ. ಸಿಪ್ಪೆ ಎಲೆಯಿಂದ ಬೇರೆಯಾಗಿ ಬಂದಿದೆ, ಬೇರಿಲ್ಲ, ಕಾಂಡ ಇಲ್ಲ. ಅಂದರೆ ಬೆಳಕನ್ನು ಗುರುತಿಸುವ ಶಕ್ತಿ ಆ ಕೋಶದೊಳಗೇ ಇದೆ ಅಂತಾಯಿತು.

ಬೆಳಕು ಹೇಳುವ ಮಾತು

ಬೆಳಕು ಎರಡು ದಾರಿಯಲ್ಲಿ ಕೆಲಸ ಮಾಡುತ್ತೆ. ಮೊದಲನೇದು ನೀಲಿ ಬೆಳಕಿನ ದಾರಿ. ಕಾವಲು ಕೋಶದಲ್ಲಿ ಫೋಟೋಟ್ರೋಪಿನ್ ಅನ್ನುವ ಪ್ರೋಟೀನು ಇದೆ. ಗಿಡ ಕಿಟಕಿಯ ಕಡೆ ಬಾಗುತ್ತಲ್ಲ, ಅದಕ್ಕೂ ಇದೇ ಕಾರಣ. ಪತ್ರರಂಧ್ರ ತೆರೆಯೋದಕ್ಕೂ ಇದೇ ಬೇಕು ಅಂತ ಜಪಾನಿನ ವಿಜ್ಞಾನಿಗಳು 2001ರಲ್ಲಿ ಸಾಸಿವೆ ಜಾತಿಯ ಒಂದು ಪುಟ್ಟ ಗಿಡದಲ್ಲಿ ತೋರಿಸಿದರು. ನೀಲಿ ಬೆಳಕು ಬಿದ್ದ ಕೂಡಲೇ ಈ ಪ್ರೋಟೀನು ಕೋಶದ ಪೊರೆಯಲ್ಲಿರುವ ಒಂದು ಪಂಪನ್ನು ಚಾಲೂ ಮಾಡಿಸುತ್ತೆ. ಆ ಪಂಪು ಹೈಡ್ರೋಜನ್ ಅಯಾನುಗಳನ್ನು ಹೊರಗೆ ತಳ್ಳುತ್ತೆ. ಅವು ಧನ ವಿದ್ಯುದಾವೇಶ ಇರುವಂಥವು. ಅವು ಹೊರಟ ಮೇಲೆ ಕೋಶದ ಒಳಭಾಗ ಇನ್ನಷ್ಟು ಋಣವಾಗುತ್ತೆ. ಪೊಟ್ಯಾಸಿಯಂ ಅಯಾನು ಕೂಡ ಧನ. ಹಾಗಾಗಿ ಅದಕ್ಕೆಂದೇ ಇರುವ ಕಾಲುವೆಗಳ ಮೂಲಕ ಅದು ಒಳಗೆ ಸೆಳೆಯಲ್ಪಡುತ್ತೆ. ಗಮನಿಸಿ, ಪಂಪು ಪೊಟ್ಯಾಸಿಯಂ ಅನ್ನು ಮುಟ್ಟೋದೇ ಇಲ್ಲ. ಬೇರೊಬ್ಬನನ್ನು ಆಚೆಗೆ ಕಳಿಸಿ ಜಾಗ ಮಾಡಿಕೊಡುತ್ತೆ ಅಷ್ಟೇ.

ಬೆಳಗಿನ ಎಳೆ ಬಿಸಿಲಿಗೇ ಇಷ್ಟು ಕೆಲಸ ಶುರುವಾಗೋದರಿಂದ, ಹೊತ್ತು ಮೇಲೆ ಬರುವಷ್ಟರಲ್ಲಿ ಬಾಗಿಲು ತೆರೆದು ಸಿದ್ಧವಾಗಿರುತ್ತೆ. ಎರಡನೇ ದಾರಿ ಕೆಂಪು ಬೆಳಕಿನದು. ಅದು ಎಲೆಯೊಳಗೆ ದ್ಯುತಿಸಂಶ್ಲೇಷಣೆ ನಡೆಸಿ, ಅಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಖರ್ಚು ಮಾಡಿಸುತ್ತೆ. ಇದು ನಮ್ಮನ್ನು ಎರಡನೇ ಮಾತಿಗೆ ತರುತ್ತೆ.

ಕಣಜ ಖಾಲಿಯೋ, ತುಂಬಿದೆಯೋ

ಕಾವಲು ಕೋಶ ಎಲೆಯೊಳಗಿನ ಗಾಳಿಯಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಇದೆ ಅನ್ನೋದನ್ನು ಗಮನಿಸುತ್ತಲೇ ಇರುತ್ತೆ. ಈಗ ಹೊರಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420ಕ್ಕೂ ಸ್ವಲ್ಪ ಹೆಚ್ಚು ಭಾಗ ಕಾರ್ಬನ್ ಡೈಆಕ್ಸೈಡ್ ಇದೆ. ಕುಂಬಳದಂಥ ಗಿಡದ ಎಲೆ ಬಿಸಿಲಿನಲ್ಲಿ ಕೆಲಸ ಮಾಡ್ತಿರುವಾಗ ಒಳಗಡೆ ಇದು ಹೊರಗಿನದರ ಸುಮಾರು ಮುಕ್ಕಾಲು ಭಾಗಕ್ಕೆ ಇಳಿದಿರುತ್ತೆ. ಒಳಗೆ ಇಳಿದರೆ "ಕಣಜ ಖಾಲಿಯಾಗ್ತಿದೆ, ಬಾಗಿಲು ತೆಗಿ" ಅಂತ ಅರ್ಥ. ರಾತ್ರಿ ದ್ಯುತಿಸಂಶ್ಲೇಷಣೆ ಇಲ್ಲ, ಆದರೆ ಉಸಿರಾಟ ನಿಲ್ಲೋದಿಲ್ಲ. ಹಾಗಾಗಿ ಒಳಗೆ ಅದು ಹೊರಗಿಗಿಂತ ಹೆಚ್ಚಾಗುತ್ತೆ. ಆಗ "ಸಾಕು, ಮುಚ್ಚು" ಅಂತ ಅರ್ಥ. ಬೆಳಕು ಹೋಗಿದ್ದಷ್ಟೇ ಅಲ್ಲ, ಇದೂ ಸೇರಿ ರಾತ್ರಿ ಬಾಗಿಲು ಮುಚ್ಚಿಸುತ್ತೆ.

ಬೆಳಕಿಗೂ ಇದಕ್ಕೂ ಸಂಬಂಧ ಇಲ್ಲದೆ ಕಾರ್ಬನ್ ಡೈಆಕ್ಸೈಡ್ ಒಂದೇ ಕೆಲಸ ಮಾಡುತ್ತೆ ಅಂತ ಹೇಗೆ ಗೊತ್ತು? ಕಾರ್ಬನ್ ಡೈಆಕ್ಸೈಡನ್ನು ಪೂರ್ತಿ ತೆಗೆದ ಗಾಳಿಯಲ್ಲಿ ಇಟ್ಟರೆ ಎಷ್ಟೋ ಗಿಡಗಳ ಪತ್ರರಂಧ್ರಗಳು ಕತ್ತಲೆಯಲ್ಲೂ ಸ್ವಲ್ಪ ಬಾಯಿ ಬಿಡುತ್ತವೆ. ಅದೇ ರೀತಿ ಬೆಳಕಿದ್ದರೂ ಕಾರ್ಬನ್ ಡೈಆಕ್ಸೈಡನ್ನು ಜಾಸ್ತಿ ಮಾಡಿದರೆ ಕಿರಿದಾಗುತ್ತವೆ.

ನಮ್ಮ ಬೇಲಿಯ ಕತ್ತಾಳೆ ಮತ್ತು ಪಾಪಾಸುಕಳ್ಳಿ ಇದಕ್ಕೆ ಒಳ್ಳೇ ಸಾಕ್ಷಿ. ಇವು ರಾತ್ರಿ ಬಾಗಿಲು ತೆಗೆದು ಹಗಲು ಮುಚ್ಚುವ ಗಿಡಗಳು. ನೋಡಿದರೆ ನಿಯಮಕ್ಕೆ ವಿರುದ್ಧ ಅನ್ನಿಸುತ್ತೆ. ಆದರೆ ಇವು ರಾತ್ರಿ ಒಳಗೆ ತಂದ ಕಾರ್ಬನ್ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಆ ಹುಳಿಯಿಂದ ಬಿಡಿಸಿಕೊಳ್ಳುತ್ತವೆ. ಹಗಲು ಹೊತ್ತು ಎಲೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುತ್ತೆ. ಕಣಜ ತುಂಬಿದ ಮನೆ ಬಾಗಿಲು ಹಾಕಿಕೊಳ್ಳೋದು ನಿಯಮದ ಪ್ರಕಾರವೇ ಆಯಿತಲ್ಲವೇ?

ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ ಸುಮಾರು 280 ಭಾಗ ಇತ್ತು. ಅದು ಇನ್ನೂ ಏರಿ 550ರ ಹತ್ತಿರ ಹೋದರೆ ಏನಾಗಬಹುದು ಅಂತ ಬೇರೆ ಬೇರೆ ದೇಶಗಳಲ್ಲಿ ಬಯಲಿನ ಬೆಳೆಗೇ ಅನಿಲ ಬಿಟ್ಟು ನೋಡಿದ್ದಾರೆ. ಪತ್ರರಂಧ್ರಗಳು ಹೊರಗೆ ಬಿಡುವ ದಾರಿ ಸರಾಸರಿ ಐದನೇ ಒಂದು ಭಾಗದಷ್ಟು ಕಿರಿದಾಯಿತು. ನೀರು ಉಳಿತಾಯ ಅಂತ ಖುಷಿ ಪಡಬಹುದು. ಆದರೆ ಆವಿಯಾಗುವ ನೀರೇ ಎಲೆಯನ್ನು ತಂಪಾಗಿಡೋದು, ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ಹಾಗೆ. ಬಾಯಿ ಕಿರಿದಾದಷ್ಟೂ ಎಲೆ ಬಿಸಿಯಾಗುತ್ತೆ. ಉಳಿಸಿದ್ದಕ್ಕೂ ಒಂದು ಬೆಲೆ ಇದೆ.

ನೀರಿಲ್ಲ ಅನ್ನುವ ಸುದ್ದಿ

ಮೂರನೇ ಮಾತು ಉಳಿದ ಎರಡನ್ನೂ ಹಿಂದೆ ಹಾಕುವಂಥದ್ದು. ಬೆಳಕು ಚೆನ್ನಾಗಿರಲಿ, ಒಳಗೆ ಕಾರ್ಬನ್ ಡೈಆಕ್ಸೈಡ್ ಇಳಿದಿರಲಿ, ನೀರಿಗೆ ತೊಂದರೆ ಬಂತು ಅಂದರೆ ಬಾಗಿಲು ಮುಚ್ಚಲೇಬೇಕು. ಆ ಸುದ್ದಿ ಹೊತ್ತು ತರೋದು ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನು. ಅದು ಕಾವಲು ಕೋಶಕ್ಕೆ ತಲುಪಿದರೆ ಕೆಲವೇ ನಿಮಿಷಗಳಲ್ಲಿ ಮುಚ್ಚುವ ಕೆಲಸ ಶುರು. ಬೆಳಿಗ್ಗೆ ಒಳಗೆ ಬಂದಿದ್ದ ಕ್ಲೋರೈಡ್ ಮುಂತಾದ ಋಣ ಅಯಾನುಗಳಿಗೆ ಹೊರಗೆ ಹೋಗುವ ದಾರಿಯನ್ನು ಅದು ತೆರೆಸುತ್ತೆ, ಪಂಪನ್ನೂ ತಡೆಯುತ್ತೆ. ಋಣದವು ಹೋದ ಮೇಲೆ ಪೊಟ್ಯಾಸಿಯಂಗೆ ಅಲ್ಲಿ ಇರೋದಕ್ಕೆ ಕಾರಣ ಇಲ್ಲ, ಅದೂ ಹೊರಡುತ್ತೆ, ನೀರು ಹಿಂದೆಯೇ. ಕೋಶ ಸೊರಗಿ ಬಾಯಿ ಮುಚ್ಚುತ್ತೆ.

ಈ ಹಾರ್ಮೋನು ಇಲ್ಲದೆ ಇದ್ದರೆ ಏನಾಗುತ್ತೆ? ಟೊಮೇಟೊದಲ್ಲಿ ಫ್ಲಾಕಾ ಅನ್ನುವ ಒಂದು ತಳಿ ಇದೆ. ಅದಕ್ಕೆ ಅಬ್ಸಿಸಿಕ್ ಆಮ್ಲವನ್ನು ಸಾಕಷ್ಟು ಮಾಡಿಕೊಳ್ಳೋದಕ್ಕೆ ಬರೋದಿಲ್ಲ. ಪಾತಿಯಲ್ಲಿ ನೀರಿದ್ದರೂ ಗಿಡ ಸದಾ ಬಾಡಿದ ಹಾಗೇ ಇರುತ್ತೆ, ಯಾಕಂದರೆ ಬಾಗಿಲು ಮುಚ್ಚಿ ಅನ್ನೋರೇ ಇಲ್ಲ. ಹೊರಗಿನಿಂದ ಆ ಆಮ್ಲವನ್ನು ಸಿಂಪಡಿಸಿದರೆ ಸರಿಯಾಗಿ ನಿಲ್ಲುತ್ತೆ.

ಸುದ್ದಿ ಎಲ್ಲಿಂದ ಹೊರಡುತ್ತೆ ಅನ್ನೋದು ನನಗೆ ತುಂಬ ಇಷ್ಟವಾದ ಭಾಗ. ಎಲೆ ಒಣಗಿದ ಮೇಲೆ ಎಲೆಗೆ ಗೊತ್ತಾಗುತ್ತೆ ಅಂತ ನಾವು ಅಂದುಕೊಳ್ತೀವಿ. 1985ರಲ್ಲಿ ಇಂಗ್ಲೆಂಡಿನಲ್ಲಿ ಬ್ಲ್ಯಾಕ್‌ಮನ್ ಮತ್ತು ಡೇವಿಸ್ ಮುಸುಕಿನ ಜೋಳದ ಒಂದೇ ಗಿಡದ ಬೇರುಗಳನ್ನು ಎರಡು ಕುಂಡಕ್ಕೆ ಹಂಚಿ ಬೆಳೆಸಿದರು. ಒಂದು ಕುಂಡಕ್ಕೆ ನೀರು ಹಾಕುತ್ತಾ ಇದ್ದರು, ಇನ್ನೊಂದನ್ನು ಒಣಗಲು ಬಿಟ್ಟರು. ಒಂದು ಕಡೆಯಿಂದ ನೀರು ಸಿಗುತ್ತಿದ್ದ ಕಾರಣ ಎಲೆಯಲ್ಲಿ ನೀರು ಕಡಿಮೆ ಆಗಿರಲಿಲ್ಲ. ಆದರೂ ಪತ್ರರಂಧ್ರಗಳು ಕಿರಿದಾದವು! ಆಮೇಲೆ 1990ರಲ್ಲಿ ಸೇಬಿನ ಸಸಿಗಳ ಮೇಲೆ ಇದೇ ರೀತಿ ಮಾಡಿದರು. ಅರ್ಧ ಬೇರು ಒಣ ಮಣ್ಣಿನಲ್ಲಿದ್ದಾಗ ಎಲೆಗಳ ಬೆಳವಣಿಗೆ ನಿಧಾನವಾಯಿತು. ಆಗ ಒಣ ಮಣ್ಣಿನಲ್ಲಿದ್ದ ಬೇರುಗಳನ್ನು ಕತ್ತರಿಸಿ ಹಾಕಿದರು. ಎಲೆಗಳ ಬೆಳವಣಿಗೆ ಮತ್ತೆ ಚುರುಕಾಯಿತು. ಬೇರು ಕಡಿದರೆ ಗಿಡಕ್ಕೆ ಕಷ್ಟ ಆಗಬೇಕಿತ್ತು. ಕಷ್ಟದ ಸುದ್ದಿ ಕಳಿಸೋರೇ ಹೋದದ್ದರಿಂದ ಗಿಡ ನೆಮ್ಮದಿಯಾಯಿತು. ನೀರಿನ ಕೊರತೆಗಿಂತ ಮುಂಚೆಯೇ ಕೊರತೆಯ ಸುದ್ದಿ ಬೇರಿನಿಂದ ಹೋಗುತ್ತೆ ಅಂತ ಇದರಿಂದ ಗೊತ್ತಾಯಿತು.

ಹಾಗಂತ ಹಾರ್ಮೋನು ಬೇರಿನಿಂದಲೇ ಬರಬೇಕು ಅಂತಿಲ್ಲ. 2002ರಲ್ಲಿ ಅಬ್ಸಿಸಿಕ್ ಆಮ್ಲ ಕಡಿಮೆ ಇರುವ ಟೊಮೇಟೊ ಬೇರಿನ ಮೇಲೆ ಸಾಮಾನ್ಯ ಟೊಮೇಟೊ ಕುಡಿಯನ್ನು ಕಸಿ ಕಟ್ಟಿ ನೋಡಿದರು. ಮಣ್ಣು ಒಣಗಿದಾಗ ಆ ಗಿಡವೂ ಬಾಗಿಲು ಮುಚ್ಚಿತು. ಆಮ್ಲವನ್ನು ಎಲೆಯೇ ಮಾಡಿಕೊಂಡಿರಬೇಕು. ಹಾಗಾದರೆ ಬೇರಿನಿಂದ ಬರೋದು ಏನು? 2018ರಲ್ಲಿ ಜಪಾನಿನವರು ಒಂದು ಉತ್ತರ ಕೊಟ್ಟರು. ಬೇರಿಗೆ ನೀರು ಕಡಿಮೆಯಾದಾಗ ಅದು ಒಂದು ಪುಟ್ಟ ಪ್ರೋಟೀನಿನ ತುಣುಕನ್ನು ಮೇಲಕ್ಕೆ ಕಳಿಸುತ್ತೆ, ಅದು ಎಲೆಗೆ ತಲುಪಿ ಅಲ್ಲೇ ಅಬ್ಸಿಸಿಕ್ ಆಮ್ಲ ತಯಾರಾಗುವಂತೆ ಮಾಡುತ್ತೆ. ಇದೂ ಅದೇ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಕಂಡದ್ದು.

ಕುಂಬಳದ ಬಳ್ಳಿಯ ಒಂದು ದಿನ

ಈಗ ಹಿತ್ತಲಿಗೆ ಬರೋಣ. ಬೆಳಿಗ್ಗೆ ಆರು ಗಂಟೆಗೆ ಎಲೆಗಳಲ್ಲಿ ನೀರು ತುಂಬಿದೆ, ರಾತ್ರಿಯೆಲ್ಲ ಬೇರು ತುಂಬಿಸಿದೆ. ನಸುಬೆಳಕು ಬಿದ್ದ ಕೂಡಲೇ ನೀಲಿ ಬೆಳಕಿನ ಪಂಪು ಶುರುವಾಯಿತು. ಬಿಸಿಲೇರಿದ ಹಾಗೆ ದ್ಯುತಿಸಂಶ್ಲೇಷಣೆ ಜೋರಾಗಿ, ಒಳಗಿನ ಕಾರ್ಬನ್ ಡೈಆಕ್ಸೈಡ್ ಇಳಿಯಿತು. ಎರಡು ಮಾತೂ "ತೆಗಿ" ಅನ್ನುತ್ತವೆ. ಗಾಳಿ ಇನ್ನೂ ತಂಪು, ತೇವ ಇದೆ, ಆದ್ದರಿಂದ ನೀರಿನ ಖರ್ಚು ಕಡಿಮೆ. ಬಳ್ಳಿಗೆ ದಿನದ ಒಳ್ಳೇ ದುಡಿಮೆ ಈಗಲೇ.

ಹನ್ನೆರಡು ದಾಟಿದ ಮೇಲೆ ಗಾಳಿ ಕಾದು ಒಣಗುತ್ತೆ. ಬಾಯಿ ಅಷ್ಟೇ ತೆರೆದಿದ್ದರೂ ಅದರಿಂದ ಹೋಗುವ ನೀರು ಬೆಳಗ್ಗೆಗಿಂತ ಎಷ್ಟೋ ಹೆಚ್ಚು. ಕುಂಬಳದ ಎಲೆ ಅಗಲ, ತೆಳು. ಮಣ್ಣಿನಲ್ಲಿ ತೇವ ಇದ್ದರೂ ಬೇರು ಅಷ್ಟು ಬೇಗ ಎಳೆದು ಕೊಡಲಾರದು. ಜೇಬಿನಲ್ಲಿ ಹಣ ಇದೆ, ಆದರೆ ಸಂತೆಯಲ್ಲಿ ಖರ್ಚಾಗುವಷ್ಟು ಬೇಗ ಕೈಗೆ ಬರುತ್ತಿಲ್ಲ, ಅಂಥ ಸ್ಥಿತಿ. ಎಲೆ ಜೋತು ಬೀಳುತ್ತೆ, ಒಳಗೆ ಅಬ್ಸಿಸಿಕ್ ಆಮ್ಲ ಏರುತ್ತೆ, ಪತ್ರರಂಧ್ರಗಳು ಕಿರಿದಾಗುತ್ತವೆ. ಜೋತು ಬಿದ್ದ ಎಲೆಗೆ ಬಿಸಿಲು ನೇರವಾಗಿ ತಾಗೋದಿಲ್ಲ, ಅದೂ ಒಂದು ಲಾಭ. ನಾಲ್ಕು ಗಂಟೆಯ ನಂತರ ಬಿಸಿಲು ಇಳಿದು ಖರ್ಚು ಕಡಿಮೆಯಾದಾಗ ಬೇರು ಬಾಕಿಯನ್ನೆಲ್ಲ ತೀರಿಸುತ್ತೆ. ಎಲೆ ಎದ್ದು ನಿಲ್ಲುತ್ತೆ. ಕತ್ತಲಾದ ಮೇಲೆ ಬಾಗಿಲು ಮುಚ್ಚುತ್ತೆ.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಮಧ್ಯಾಹ್ನ ಜೋತ ಎಲೆ ನೋಡಿ ನೀರು ಹಾಕಬೇಕು ಅಂತ ತೀರ್ಮಾನಿಸೋದಕ್ಕೆ ಆಗೋದಿಲ್ಲ. ನೋಡಬೇಕಾದ್ದು ಮರುದಿನ ಸೂರ್ಯ ಹುಟ್ಟುವ ಮುಂಚೆ. ರಾತ್ರಿಯೆಲ್ಲ ಬಾಗಿಲು ಮುಚ್ಚಿದ್ದರೂ ಬೆಳಿಗ್ಗೆ ಎಲೆ ಜೋತೇ ಇದ್ದರೆ ಮಣ್ಣಿನಲ್ಲಿ ನಿಜವಾಗಿಯೂ ನೀರಿಲ್ಲ, ಅಥವಾ ಬೇರಿಗೆ ರೋಗ ಬಂದಿದೆ. ಪಾತಿಯಲ್ಲಿ ಬೆರಳು ಹೂತು ನೋಡಿದರೆ ಈ ಎರಡರಲ್ಲಿ ಯಾವುದು ಅಂತ ಗೊತ್ತಾಗುತ್ತೆ.

ಬಾಯಿ ತೆರೆದಿದೆಯೋ ಇಲ್ಲವೋ ಅಂತ ಗಿಡದ ಮೇಲೇ ಪರೀಕ್ಷೆ ಮಾಡೋದಕ್ಕೆ ಎರಡು ಉಪಾಯ ಇವೆ. ಕೋಬಾಲ್ಟ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ಚೆನ್ನಾಗಿ ಒಣಗಿಸಿದ ಶೋಧಕ ಕಾಗದ ನೀಲಿ ಇರುತ್ತೆ, ತೇವ ತಾಗಿದರೆ ಗುಲಾಬಿ ಆಗುತ್ತೆ. ಅದನ್ನು ಎಲೆಯ ಅಡಿಗಿಟ್ಟು ಗಾಜಿನ ಪಟ್ಟಿಯಿಂದ ಮುಚ್ಚಿ ಕ್ಲಿಪ್ಪು ಹಾಕಿ, ಗುಲಾಬಿ ಆಗೋದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಬೇಗ ಆದರೆ ಬಾಯಿ ತೆರೆದಿದೆ. ಕಾಗದವನ್ನು ಚಿಮಟದಲ್ಲಿ ಹಿಡಿಯಬೇಕು, ಬೆರಳಿನ ಬೆವರಿಗೇ ಬಣ್ಣ ಬದಲಾಗುತ್ತೆ, ಮೇಲಾಗಿ ಆ ರಾಸಾಯನಿಕ ವಿಷ. ಮೇಷ್ಟ್ರು ಜೊತೆಗಿಲ್ಲದೆ ಮುಟ್ಟಬೇಡಿ. ಇನ್ನೊಂದು ಉಪಾಯಕ್ಕೆ ಬಣ್ಣವಿಲ್ಲದ ಉಗುರುಬಣ್ಣ ಸಾಕು. ಗಿಡದಲ್ಲಿರುವ ಎಲೆಯ ಅಡಿಗೆ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಅಂಟುಪಟ್ಟಿಯಿಂದ ಎತ್ತಿ ಗಾಜಿನ ಮೇಲೆ ಅಂಟಿಸಿದರೆ ಆ ಹೊತ್ತಿನ ಪತ್ರರಂಧ್ರಗಳ ಅಚ್ಚು ಸಿಗುತ್ತೆ. ಇದಕ್ಕೆ ರೋಮವಿಲ್ಲದ ನುಣುಪಾದ ಎಲೆ ಬೇಕು, ಕುಂಬಳದ ಎಲೆಯ ಮೇಲೆ ಅಚ್ಚು ಸರಿಯಾಗಿ ಬರೋದಿಲ್ಲ.

ಎಲೆ ಕಿತ್ತು ತರಗತಿಗೆ ತಂದು ನೋಡಿದರೆ ಮಾತ್ರ ಫಲಿತಾಂಶವನ್ನು ನಂಬಬೇಡಿ. ಕಿತ್ತ ಎಲೆಯಲ್ಲಿ ಅಕ್ಕಪಕ್ಕದ ಕೋಶಗಳು ಮೊದಲು ಸೊರಗುತ್ತವೆ. ಅವುಗಳ ಒತ್ತಡ ತಪ್ಪಿದ್ದರಿಂದ ಬಾಯಿ ಸ್ವಲ್ಪ ಹೊತ್ತು ಇನ್ನೂ ಅಗಲವಾಗುತ್ತೆ, ಆಮೇಲೆ ಮುಚ್ಚುತ್ತೆ. ಹೊಲದಲ್ಲಿ ಏನಿತ್ತೋ ಅದು ನಿಮಗೆ ಕಾಣೋದಿಲ್ಲ.

ಸಾಲು ಬಿಟ್ಟು ಸಾಲು

ಎರಡು ಕುಂಡದ ಪ್ರಯೋಗ ಅಲ್ಲಿಗೇ ನಿಲ್ಲಲಿಲ್ಲ. ಒಂದು ಕಡೆಯ ಬೇರು ಒಣಗಿದ್ದರೆ ಗಿಡ ಬಾಗಿಲನ್ನು ಸ್ವಲ್ಪ ಕಿರಿದು ಮಾಡುತ್ತೆ, ಇನ್ನೊಂದು ಕಡೆಯಿಂದ ನೀರು ಸಿಗೋದರಿಂದ ಬಾಡೋದೂ ಇಲ್ಲ. ಬಾಯಿ ಸ್ವಲ್ಪ ಕಿರಿದಾದಾಗ ನೀರಿನ ಖರ್ಚು ಹೆಚ್ಚು ಇಳಿಯುತ್ತೆ, ಆಹಾರದ ತಯಾರಿ ಅಷ್ಟು ಇಳಿಯೋದಿಲ್ಲ. ಇದನ್ನೇ ಹೊಲದಲ್ಲಿ ಮಾಡಿದರೆ? ಚೀನಾದ ಗಾನ್ಸು ಪ್ರಾಂತ್ಯದ ಒಣ ಪ್ರದೇಶದಲ್ಲಿ ಮುಸುಕಿನ ಜೋಳಕ್ಕೆ ಈ ಸಲ ಒಂದು ಸಾಲಿಗೆ, ಮುಂದಿನ ಸಲ ಪಕ್ಕದ ಸಾಲಿಗೆ ಅಂತ ಸರದಿಯಲ್ಲಿ ನೀರು ಹಾಯಿಸಿ ನೋಡಿದರು. 2000ದಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಅರ್ಧದವರೆಗೆ ನೀರು ಉಳಿದರೂ ಇಳುವರಿ ಚೆನ್ನಾಗಿಯೇ ಬಂತು.

ಇಲ್ಲಿ ಸರದಿ ಅನ್ನೋದೇ ಮುಖ್ಯ. ಯಾವಾಗಲೂ ಒಂದೇ ಸಾಲನ್ನು ಒಣಗಲು ಬಿಟ್ಟರೆ ಅಲ್ಲಿಯ ಬೇರು ನೀರು ಎಳೆಯೋದನ್ನೇ ನಿಲ್ಲಿಸುತ್ತೆ. ಮೇಲಕ್ಕೆ ಹೋಗುವ ರಸವೇ ಇಲ್ಲದಿದ್ದರೆ ಸುದ್ದಿ ಹೋಗೋದು ಹೇಗೆ? ಕೆಲವು ದಿನದಲ್ಲಿ ಗಿಡ ಆ ಬೇರನ್ನು ಮರೆತು ಬಾಗಿಲನ್ನು ಮತ್ತೆ ಅಗಲ ಮಾಡುತ್ತೆ. ಮರಳು ಮಣ್ಣಿನಲ್ಲಿ ನೀರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಇಳಿಯೋದರಿಂದ ಎರಡು ಸಾಲಿನ ನಡುವಿನ ಗಿಡಕ್ಕೆ ಸಾಲದೆ ಬರಬಹುದು. ಹೂ ಬಿಟ್ಟು ಕಾಳು ಕಟ್ಟುವ ಹೊತ್ತಿನಲ್ಲಿ ಮುಸುಕಿನ ಜೋಳ ನೀರಿನ ಕೊರತೆಯನ್ನು ಸಹಿಸೋದಿಲ್ಲ, ಆಗ ಎರಡೂ ಸಾಲಿಗೆ ಬಿಡೋದೇ ಸರಿ. ಮನೆಯಲ್ಲಿ ಯಾರಾದರೂ ಮಾಡಿ ನೋಡುವುದಾದರೆ ಮೊದಲು ನಾಲ್ಕು ಸಾಲಿನಲ್ಲಿ ಮಾಡಿ, ಪಕ್ಕದಲ್ಲಿ ನಾಲ್ಕು ಸಾಲಿಗೆ ಮಾಮೂಲಿನಂತೆ ನೀರು ಬಿಡಿ. ದಿನಾ ನಸುಕಿನಲ್ಲಿ ಎರಡೂ ಕಡೆಯ ಎಲೆ ನೋಡಿ. ಸರದಿಯ ಸಾಲಿನಲ್ಲಿ ಬೆಳಗಿನ ಹೊತ್ತೇ ಎಲೆ ಸುರುಳಿ ಸುತ್ತಿಕೊಂಡಿದ್ದರೆ ಎರಡು ಸರದಿಗಳ ನಡುವೆ ಅಂತರ ಜಾಸ್ತಿಯಾಗಿದೆ ಅಂತ ಲೆಕ್ಕ.